ಕಾಫಿ ಬಿಟ್ಟ ದಿನ ತಲೆ ಸಿಡಿಯೋದು ಯಾಕೆ?

ಪುಡಿ ಹಾಕಿದ್ದಾಯ್ತು, ಬಿಸಿನೀರೂ ಬಿತ್ತು. ಡಿಕಾಕ್ಷನ್ ಇಳಿಯೋವರೆಗೂ ಮಾತಾಡೋಣ.

ಕಾಫಿ ಶಕ್ತಿ ಕೊಡುತ್ತೆ ಅಂತಾರೆ. ಕೊಡಲ್ಲ, ದಣಿವನ್ನ ಮುಚ್ಚಿಡುತ್ತೆ ಅಷ್ಟೇ. ಎಚ್ಚರವಾಗಿರೋಷ್ಟು ಹೊತ್ತೂ ಮೆದುಳಲ್ಲಿ ಅಡೆನೋಸಿನ್ ಅನ್ನೋ ವಸ್ತು ಸೇರ್ತಾ ಹೋಗುತ್ತೆ. ಅದು ನರಕೋಶದ ಮೇಲಿರೋ ರಿಸೆಪ್ಟರ್ ಅನ್ನೋ ಜಾಗದಲ್ಲಿ ಕೂತ್ರೆ ಕೋಶ ಮೆತ್ತಗಾಗುತ್ತೆ, ನಮಗೆ ತೂಕಡಿಕೆ ಬರುತ್ತೆ. ಕಾಫಿಯಲ್ಲಿರೋ ಕೆಫೀನ್ ಆಕಾರ ಅಡೆನೋಸಿನ್‌ಗೆ ಹತ್ತಿರ. ಆ ಜಾಗ ಹಿಡಿಯುತ್ತೆ, ಆದ್ರೆ ಮೆತ್ತಗಾಗೋ ಸಂದೇಶ ಕೊಡಲ್ಲ. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಅಡೆನೋಸಿನ್ ನಿಂತೇ ಇರುತ್ತೆ, ಟವೆಲ್ ಎತ್ತಿದ ತಕ್ಷಣ ಕೂರುತ್ತೆ. ರಕ್ತದಲ್ಲಿರೋ ಕೆಫೀನ್ ಅರ್ಧಕ್ಕೆ ಇಳಿಯೋಕೆ ಸುಮಾರು 5 ಗಂಟೆ ಬೇಕು. ಸಂಜೆ 6ರ ಕಾಫಿ ರಾತ್ರಿ 11ಕ್ಕೂ ಅರ್ಧ ಇರುತ್ತೆ.

ದಿನಾ ಟವೆಲ್ ಹಾಕಿದ್ರೆ ಮೆದುಳು ಸೀಟನ್ನೇ ಜಾಸ್ತಿ ಮಾಡುತ್ತೆ. ಇಲಿಗಳಿಗೆ ದಿನವೂ ಕೆಫೀನ್ ಕೊಟ್ಟಾಗ ರಿಸೆಪ್ಟರ್ ಹೆಚ್ಚಿದ್ದು ಕಂಡಿದೆ. ಆಗ ಹಳೇ ಲೋಟ ಸಾಲಲ್ಲ. ಒಂದು ದಿನ ಕುಡೀಲಿಲ್ಲ ಅಂದ್ರೆ ಅಷ್ಟೂ ಸೀಟಲ್ಲಿ ಅಡೆನೋಸಿನ್ ಬಂದು ಕೂರುತ್ತೆ. ಅದು ಮೆದುಳಿನ ರಕ್ತನಾಳ ಹಿಗ್ಗಿಸೋದ್ರಿಂದ ತಲೆ ಸಿಡಿಯುತ್ತೆ. ನೋವು ಶುರುವಾಗೋದು ಕೊನೇ ಲೋಟದಿಂದ 12ರಿಂದ 24 ಗಂಟೆಗೆ. ಅದಕ್ಕೇ ಏಕಾದಶಿ ಉಪವಾಸದ ತಲೆನೋವನ್ನ ಹಸಿವಿನ ಲೆಕ್ಕಕ್ಕೇ ಹಾಕ್ಬೇಡಿ.

ಕಡಿಮೆ ಮಾಡ್ಬೇಕಂದ್ರೆ ಒಂದೇ ಸಲ ಬಿಡ್ಬೇಡಿ, ಕಾಲು ಭಾಗ ಇಳಿಸಿ. ಇಲ್ಲೇ ನನ್ನ ತಕರಾರು. ಪ್ಯಾಕೆಟ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಇರುತ್ತೆ. ಆ ಕಾಫಿಯಲ್ಲಿ ಅರೇಬಿಕಾ ಬೀಜ ಎಷ್ಟು, ರೊಬಸ್ಟಾ ಬೀಜ ಎಷ್ಟು? ಎಷ್ಟೋ ಪ್ಯಾಕೆಟ್ ಬಾಯೇ ಬಿಡಲ್ಲ! ರೊಬಸ್ಟಾದಲ್ಲಿ ಕೆಫೀನ್ ಹೆಚ್ಚೂಕಮ್ಮಿ ಎರಡರಷ್ಟು. ಅದು ಗೊತ್ತಿಲ್ದೆ ಬ್ರ್ಯಾಂಡ್ ಬದಲಿಸಿದ್ರೆ "ಅರ್ಧ ಲೋಟ ಕಮ್ಮಿ ಮಾಡಿದೆ" ಅಂತ ಬೀಗ್ತಾ ಮೊದಲಿನಷ್ಟೇ ಕುಡೀತಿರ್ತೀರ. ಪುಡಿ ಹುರಿದು ಕೊಡೋ ಅಂಗಡೀಲಿ ಕೇಳಿದ್ರೆ ಹೇಳ್ತಾರೆ, ಕೇಳಿ.

ಚಿಕೋರಿ ಅಂದ್ರೆ ಕಲಬೆರಕೆ ಅಂತ ನಾನು ಯಾವಾಗ್ಲೂ ಬೈತೀನಿ. ಈ ಕೆಲಸಕ್ಕೆ ಮಾತ್ರ ಅದೇ ಸರಿ, ಅದರಲ್ಲಿ ಕೆಫೀನ್ ಇಲ್ಲ. 20 ಗ್ರಾಂ ಪುಡಿ, 80–20 ಮಿಶ್ರಣ ಅಂದ್ರೆ ಕಾಫಿ 16 ಗ್ರಾಂ. ಅದೇ ಬೀಜದ 60–40 ತಂದ್ರೆ 12 ಗ್ರಾಂ. ಕಾಲು ಭಾಗ ಇಳೀತು, ಬಣ್ಣ ಗಾಢವಾಗೇ ಇರುತ್ತೆ. ಒಂದು ವಾರ ಹಾಗೇ ಕುಡೀರಿ, ಆಮೇಲೆ ಪುಡಿ 15 ಗ್ರಾಂ ಮಾಡಿ. ಮಧ್ಯದಲ್ಲಿ ತಲೆನೋವು ಬಂದ್ರೆ ಇಳಿಸಿದ್ದು ಬೇಗ ಆಯ್ತು, ಹಿಂದಿನ ಅಳತೆಗೆ ಹೋಗಿ. ಇನ್ನೊಂದು, ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತೆ, ಸ್ಟ್ರಿಪ್ ಹಿಂದೆ ಬರೆದಿರೋದು ಓದಿ... ಅಯ್ಯೋ, ಹಾಲು ಉಕ್ತಿದೆ!