ತಕ್ಕ ಜೋಡಿ ಬೇಕಿಲ್ಲ, ಯಾವ ಇಬ್ಬರಾದರೂ ಸಾಕು: ಒಂದನೇ ತರಗತಿಯಲ್ಲಿ ಸಮ ಮತ್ತು ಬೆಸ

ವೇದಿಕೆಯ ಮೇಲಿರುವ ಹಿರಿಯರಿಗೂ ಸುತ್ತಲಿನ ಊರುಗಳಿಂದ ಬಂದಿರುವ ಶಿಕ್ಷಕ ಬಂಧುಗಳಿಗೂ ನಮಸ್ಕಾರ. ಒಂದನೇ ತರಗತಿಯ ಮಕ್ಕಳಿಗೆ ಸಮ ಮತ್ತು ಬೆಸ ಸಂಖ್ಯೆಗಳನ್ನು ವಸ್ತುಗಳ ಜೋಡಣೆಯಿಂದಲೂ ಕೋಲಾಟದ ಜೊತೆಗಾರರಿಂದಲೂ ಹೇಗೆ ಕಲಿಸಬಹುದು ಎಂಬ ವಿಷಯವನ್ನು ಈ ಸಮಾಲೋಚನಾ ಸಭೆಗೆ ನಾನೇ ಕೇಳಿ ಪಡೆದೆ. ಕಲಬುರಗಿ ಜಿಲ್ಲೆಯ ಹಳ್ಳಿಯ ಶಾಲೆಗಳಲ್ಲಿ ಈ ಪಾಠವನ್ನು ಹಲವು ವರ್ಷ ಮಾಡಿದ್ದೇನೆ. ಮಕ್ಕಳು ಎಡವುವ ಜಾಗ ಬಹುಪಾಲು ಒಂದೇ ಎಂಬುದು ನನಗೆ ತಡವಾಗಿ ತಿಳಿಯಿತು. ಆ ಜಾಗ ‘ಜೋಡಿ’ ಎಂಬ ಮಾತಿನಲ್ಲಿಯೇ ಇದೆ.

‘ಜೋಡಿ’ ನಮ್ಮ ತರಗತಿಗೆ ಒದಗಿ ಬಂದಿರುವ ಒಳ್ಳೆಯ ಪದ. ನಮ್ಮ ಭಾಗದ ಒಂದೇ ಕೋಣೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗುವಿನ ಪಕ್ಕ ದಖನಿ ಉರ್ದು ಆಡುವ ಮಗು, ಅದರ ಪಕ್ಕ ತೆಲುಗು, ಮರಾಠಿ ಅಥವಾ ಲಂಬಾಣಿ ಆಡುವ ಮಗು ಕುಳಿತಿರುತ್ತದೆ. ಸಮ–ಬೆಸ ಎಂದರೆ ಇವರಲ್ಲಿ ಹಲವರಿಗೆ ಏನೂ ಹೊಳೆಯದು. ಉರ್ದುವಿನಲ್ಲಿ ಅದೇ ಜುಫ್ತ್ ಮತ್ತು ತಾಕ್ ಆಗುತ್ತದೆ, ಮರಾಠಿಯಲ್ಲಿ ಸಮ ಮತ್ತು ವಿಷಮ ಆಗುತ್ತದೆ. ಆದರೆ ‘ಜೋಡಿ ಮಾಡು’ ಎಂದರೆ ಕೈ ತಾನಾಗಿ ಎರಡೆರಡನ್ನು ಹತ್ತಿರ ತರುತ್ತದೆ. ಹೀಗಾಗಿ ಮೊದಲ ಎರಡು ವಾರ ನಾನು ಸಮ, ಬೆಸ ಎಂಬ ಹೆಸರುಗಳನ್ನು ಬಾಯಿಗೆ ತರುವುದೇ ಇಲ್ಲ. ‘ಎಲ್ಲರಿಗೂ ಜೋಡಿ ಸಿಕ್ಕಿತು’ ಮತ್ತು ‘ಒಂದು ಒಂಟಿ ಉಳಿಯಿತು’ ಎಂಬ ಎರಡು ಮಾತುಗಳಲ್ಲಿಯೇ ಪಾಠ ನಡೆಸುತ್ತೇನೆ. ಸಮ ಸಂಖ್ಯೆಗೆ ‘ಸರಿ ಸಂಖ್ಯೆ’ ಎಂದು ಹೇಳಿಕೊಡುವ ರೂಢಿಯೂ ಕೆಲವೆಡೆ ಇದೆ. ಅದನ್ನು ಬಿಡುವುದು ಮೇಲು, ಏಕೆಂದರೆ ‘ಸರಿ’ ಎಂದ ಕೂಡಲೇ ಮಗು ಇನ್ನೊಂದನ್ನು ‘ತಪ್ಪು’ ಎಂದುಕೊಳ್ಳುತ್ತದೆ, ಏಳು ತಪ್ಪು ಸಂಖ್ಯೆಯಾಗಿಬಿಡುತ್ತದೆ.

ಆದರೆ ಇದೇ ಪದದಲ್ಲಿ ತೊಡಕೂ ಇದೆ. ಮನೆಯಲ್ಲಿ ಮಗು ಕೇಳಿರುವ ಜೋಡಿ ಎಂದರೆ ಒಂದಕ್ಕೊಂದು ತಕ್ಕದ್ದು: ಎಡಗಾಲಿನ ಚಪ್ಪಲಿಗೆ ಬಲಗಾಲಿನದು, ಒಂದೇ ಎತ್ತರದ ಎತ್ತುಗಳು, ಒಂದೇ ಬಗೆಯ ಓಲೆಗಳು. ಗಣಿತದ ಜೋಡಿಗೆ ಈ ಹೊಂದಾಣಿಕೆಯ ಹಂಗಿಲ್ಲ. ಅಲ್ಲಿ ಯಾವ ಎರಡಾದರೂ ಜೋಡಿಯೇ. ಈ ವ್ಯತ್ಯಾಸವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಮಗು ತನಗೆ ಗೊತ್ತಿರುವ ಅರ್ಥವನ್ನೇ ಹಿಡಿದು ಸಾಗುತ್ತದೆ.

ಮೊದಲ ಸಲ ಇದು ನನಗೆ ಕಂಡದ್ದು ಹುಣಸೆ ಬೀಜಗಳಲ್ಲಿ. ಒಬ್ಬ ಹುಡುಗಿಗೆ ಎಂಟು ಬೀಜ ಕೊಟ್ಟಿದ್ದೆ. ಅವುಗಳಲ್ಲಿ ಮೂರು ದೊಡ್ಡವು, ಐದು ಸಣ್ಣವು. ಆಕೆ ದೊಡ್ಡದರ ಪಕ್ಕ ದೊಡ್ಡದನ್ನು, ಸಣ್ಣದರ ಪಕ್ಕ ಸಣ್ಣದನ್ನು ಇಟ್ಟು ಮೂರು ಜೋಡಿ ಮಾಡಿದಳು. ಒಂದು ದೊಡ್ಡ ಬೀಜವೂ ಒಂದು ಸಣ್ಣ ಬೀಜವೂ ಉಳಿದವು. ‘ಎರಡು ಒಂಟಿ ಉಳದಾವ್ರಿ ಟೀಚರ್’ ಎಂದು ಅವನ್ನು ಬೇರೆ ಬೇರೆ ಮೂಲೆಯಲ್ಲಿ ಇಟ್ಟಳು. ಆಕೆಯ ಎಣಿಕೆಯಲ್ಲಿ ತಪ್ಪಿರಲಿಲ್ಲ, ಆಕೆ ಪಾಲಿಸಿದ ನಿಯಮ ಬೇರೆಯಾಗಿತ್ತು. ಅಂದಿನಿಂದ ನಾನು ಬೀಜಗಳನ್ನು ಬೇಕೆಂದೇ ಕಲಬೆರಕೆ ಮಾಡಿ ಕೊಡುತ್ತೇನೆ: ಒಂದು ಹಿಡಿಯಲ್ಲಿ ಹುಣಸೆ ಬೀಜ, ಬಾಟಲಿಯ ಮುಚ್ಚಳ, ಬಳಪದ ತುಂಡು, ಸಣ್ಣ ಕಲ್ಲು ಎಲ್ಲವೂ ಇರುತ್ತವೆ. ಬಳಪಕ್ಕೆ ಕಲ್ಲು ಜೋಡಿಯಾಗಬಹುದೇ ಎಂದು ಮಕ್ಕಳೇ ಕೇಳುತ್ತಾರೆ, ಆಗಬಹುದು ಎಂದು ಅಲ್ಲಿಯೇ ಹೇಳಲು ದಾರಿಯಾಗುತ್ತದೆ. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳಿಂದ ಪಾಠ ಆರಂಭಿಸುವವರು ಇಲ್ಲಿ ಎಚ್ಚರ ವಹಿಸಬೇಕು. ಚಪ್ಪಲಿ ಕಣ್ಣಿಗೆ ಹಿಡಿಸುವ ಉದಾಹರಣೆಯೇ ಹೌದು, ಆದರೆ ಅದು ತಕ್ಕ ಜೋಡಿ ಎಂಬ ಅರ್ಥವನ್ನೇ ಗಟ್ಟಿ ಮಾಡುತ್ತದೆ. ಜೊತೆಗೆ, ಯಾರದೂ ಕಳೆದುಹೋಗದಿದ್ದರೆ ಎಣಿಕೆ ಯಾವಾಗಲೂ ಸಮವಾಗಿಯೇ ಬರುವುದರಿಂದ, ಒಂಟಿ ಉಳಿಯುವುದನ್ನು ನೋಡುವ ಅವಕಾಶವೇ ಮಕ್ಕಳಿಗೆ ಸಿಗುವುದಿಲ್ಲ.

ಬೀಜಗಳನ್ನು ನೆಲದ ಮೇಲೆ ಎರಡು ಸಾಲಿನಲ್ಲಿ, ಎದುರುಬದುರಾಗಿ ಇಡಿಸಿ. ನಾಲ್ಕರಿಂದ ಹನ್ನೆರಡರವರೆಗಿನ ಎಣಿಕೆ ಸಾಕು. ಗುಂಪಾಗಿ ಚೆಲ್ಲಿಕೊಂಡ ಜೋಡಿಗಳಲ್ಲಿ ಮೂರು ಬೀಜ ಒಂದಾಗಿ ಕುಳಿತರೂ ಗೊತ್ತಾಗದು, ಎರಡು ಸಾಲಿನಲ್ಲಾದರೆ ಒಂದು ಸಾಲಿನ ಕೊನೆ ಮುಂದಕ್ಕೆ ಚಾಚಿಕೊಂಡಿರುವುದು ಎಣಿಸದೆಯೇ ಕಾಣುತ್ತದೆ.

ಇನ್ನು ಕೋಲಾಟ. ಎದುರುಬದುರು ನಿಂತು ಕೋಲಿಗೆ ಕೋಲು ತಾಗಿಸುವಷ್ಟು ಸರಳವಾದದ್ದೇ ಸಾಕು, ಹೆಜ್ಜೆಯ ವರಸೆಗಳು ಬೇಡ. ನಮ್ಮಲ್ಲಿ ತೊಗರಿ ಕಟ್ಟಿಗೆ ಹೇರಳವಾಗಿ ಸಿಗುತ್ತದೆಂದು ಅದನ್ನೇ ಕೈಗೆ ಕೊಡಬೇಡಿ, ಅದರ ಮೊನೆ ಚೂಪಾಗಿರುತ್ತದೆ. ಹಳೆಯ ವೃತ್ತಪತ್ರಿಕೆಯನ್ನು ಬಿಗಿಯಾಗಿ ಸುತ್ತಿ ಅಂಟಿಸಿದ ಕೋಲು ಆರು ವರ್ಷದ ಕೈಗಳಿಗೆ ಒಪ್ಪುತ್ತದೆ. ಒಬ್ಬರಿಗೆ ಒಂದೇ ಕೋಲು. ನಾನು ಕೋಲಾಟವನ್ನು ಆರಿಸಿಕೊಂಡ ಕಾರಣ ಒಂದಿದೆ. ಬರಿಯ ಕೈ ಹಿಡಿದು ಕುಣಿಯುವಾಗ ಮೂವರು ಗೆಳತಿಯರು ಒಂದಾಗಿ ನಿಂತುಬಿಡುತ್ತಾರೆ. ಒಂಬತ್ತು ಮಕ್ಕಳಲ್ಲಿ ಒಂದು ಕಡೆ ಮೂವರು, ಉಳಿದ ಕಡೆ ಇಬ್ಬಿಬ್ಬರು ನಿಂತರೆ ಯಾರೂ ಒಂಟಿ ಉಳಿಯಲಿಲ್ಲ ಎಂದೇ ಕಾಣುತ್ತದೆ, ಒಂಬತ್ತು ಸಮವಾಗಿಬಿಡುತ್ತದೆ. ಕೋಲಾಟದಲ್ಲಾದರೆ ಮೂರನೆಯ ಕೋಲಿಗೆ ಎದುರು ಕೋಲಿಲ್ಲ. ಸದ್ದು ಬರದ ಕೋಲನ್ನು ಮಕ್ಕಳೇ ಹಿಡಿದು ತೋರಿಸುತ್ತಾರೆ.

ಒಂದು ದಿನದ ಪಾಠವನ್ನು ವಿವರವಾಗಿ ಹೇಳುತ್ತೇನೆ. ಅಂದು ಹಾಜರಿದ್ದವರು 12 ಮಕ್ಕಳು, ಅವರಲ್ಲಿ 7 ಹುಡುಗರು, 5 ಹುಡುಗಿಯರು. ಶಾಲಾ ವಾರ್ಷಿಕೋತ್ಸವದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಎಂದು ಜೋಡಿ ಮಾಡಿದ್ದನ್ನು ಅವರು ನೋಡಿದ್ದರು, ಹಾಗಾಗಿ ಹಾಗೆಯೇ ನಿಂತರು. ಐದು ಜೋಡಿಗಳಾದವು, ಇಬ್ಬರು ಹುಡುಗರು ಬದಿಯಲ್ಲಿ ಉಳಿದರು. ‘ಹನ್ನೆರಡಕ್ಕೆ ಜೋಡಿ ಸಿಗೂದಿಲ್ರಿ’ ಎಂದು ತರಗತಿಯೆಲ್ಲ ತೀರ್ಮಾನಿಸಿತು. ಹಿಂದಿನ ದಿನವಷ್ಟೇ ಹನ್ನೆರಡು ಬೀಜಗಳು ಆರು ಜೋಡಿಯಾಗಿ ಕುಳಿತಿದ್ದವು. ನಾನು ಅದೇ ಹನ್ನೆರಡು ಬೀಜಗಳನ್ನು ತಂದು, ಐದು ಜೋಡಿಗಳ ಎದುರು ಇಟ್ಟು, ಉಳಿದ ಇಬ್ಬರ ಮುಂದೆ ಉಳಿದ ಎರಡು ಬೀಜಗಳನ್ನಿಟ್ಟೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಬದಿಯಲ್ಲಿದ್ದ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನ ಕಡೆ ತಿರುಗಿ ಕೋಲು ಎತ್ತಿದನು. ಹುಡುಗ–ಹುಡುಗಿ ಎಂಬ ನಿಯಮದಲ್ಲಿ ನಾವು ಪರೀಕ್ಷಿಸುವುದು ಎರಡು ಗುಂಪುಗಳು ಸಮನಾಗಿವೆಯೇ ಎಂಬುದನ್ನು. ಹನ್ನೆರಡು ಸಮವೇ ಬೆಸವೇ ಎಂಬುದು ಬೇರೆಯೇ ಪ್ರಶ್ನೆ. ಉಳಿದವರು ಇಬ್ಬರಾದರೆ ಅವರೇ ಒಂದು ಜೋಡಿ, ಆದ್ದರಿಂದ ಉಳಿಯುವುದೇನಿದ್ದರೂ ಒಬ್ಬರು, ಇಲ್ಲವೇ ಯಾರೂ ಇಲ್ಲ ಎಂಬ ಮಾತು ಅಂದು ಮಕ್ಕಳ ಕಣ್ಣೆದುರೇ ನಡೆಯಿತು.

ಇಲ್ಲಿ ಒಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ಜೊತೆಗಾರರನ್ನು ಮಕ್ಕಳ ಇಷ್ಟಕ್ಕೆ ಬಿಟ್ಟರೆ ನಾಲ್ಕು ದಿನಗಳಲ್ಲಿಯೇ ಒಂಟಿ ಉಳಿಯುವ ಮಗು ಯಾವುದೆಂದು ಗೊತ್ತಾಗಿಬಿಡುತ್ತದೆ, ಅದು ದಿನವೂ ಅದೇ ಮಗುವಾಗಿರುತ್ತದೆ. ಕೇರಿ ಯಾವುದು, ಬಟ್ಟೆ ಎಂತಹುದು ಎಂಬ ಲೆಕ್ಕವನ್ನು ಆರು ವರ್ಷದವರೂ ಮನೆಯಿಂದ ಹೊತ್ತು ತಂದಿರುತ್ತಾರೆ. ತಕ್ಕ ಜೋಡಿ ಎಂಬ ಅರ್ಥ ಇಲ್ಲಿ ಗಣಿತವನ್ನಷ್ಟೇ ಕೆಡಿಸುವುದಿಲ್ಲ. ಆದ್ದರಿಂದ ನಾನು ಎಲ್ಲರ ಹೆಸರಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎರಡೆರಡಾಗಿ ಎತ್ತುತ್ತೇನೆ. ಕೊನೆಯಲ್ಲಿ ಉಳಿದ ಚೀಟಿಯವರು ಹಲಗೆ ಬಡಿದು ತಾಳ ಹಾಕಬೇಕು. ಆ ಕೆಲಸಕ್ಕಾಗಿ ಮಕ್ಕಳು ಈಗ ಒಂಟಿಯಾಗಲು ಹಂಬಲಿಸುತ್ತಾರೆ.

ಚೀಟಿಯಿಂದ ಗಣಿತಕ್ಕೂ ಲಾಭವಿದೆ. ಮರುದಿನ 13 ಮಕ್ಕಳು ಬಂದಿದ್ದರು. ಮೂರು ಸಲ ಚೀಟಿ ಎತ್ತಿದಾಗ ಮೂರು ಸಲವೂ ಬೇರೆ ಬೇರೆ ಮಗು ಒಂಟಿ ಉಳಿಯಿತು. ನಾಲ್ಕನೆಯ ಸಲಕ್ಕೆ ಮುಂಚೆ ಕೇಳಿದೆ: ‘ಈಗ ಯಾರು ಉಳೀತಾರೆ?’ ಕೆಲವರು ಹೆಸರು ಹೇಳಿದರು, ಕೆಲವರು ಈ ಸಲ ಯಾರೂ ಉಳಿಯುವುದಿಲ್ಲ ಎಂದರು. ಒಬ್ಬಳು ಮಾತ್ರ, ‘ಯಾರಂತ ಗೊತ್ತಿಲ್ರಿ, ಒಬ್ಬರಂತೂ ಉಳೀತಾರ್ರಿ’ ಎಂದಳು. ಸಮ–ಬೆಸದ ತಿರುಳು ಆ ಉತ್ತರದಲ್ಲಿದೆ: ಉಳಿಯುವವರು ಬದಲಾಗುತ್ತಾರೆ, ಉಳಿಯುವುದು ಬದಲಾಗದು. ಈ ಪ್ರಶ್ನೆಯೇ ನನ್ನ ಪರೀಕ್ಷೆ. ಬೀಜಗಳನ್ನು ಕಲಸಿ ಕೇಳಿದಾಗ ಮತ್ತೆ ಜೋಡಿಸಿ ನೋಡುವ ಮಗು ಇನ್ನೂ ದಾರಿಯಲ್ಲಿದೆ, ಅದಕ್ಕೆ ಹೆಸರುಗಳನ್ನು ಕಲಿಸುವ ಅವಸರ ಬೇಡ.

ಅದೇ ದಿನ ಎರಡನೇ ತರಗತಿಯ 9 ಮಕ್ಕಳನ್ನೂ ಅಂಗಳಕ್ಕೆ ಕರೆದೆವು. ಅಲ್ಲಿಯೂ ನಾಲ್ಕು ಜೋಡಿಯಾಗಿ ಒಬ್ಬ ಉಳಿದನು. ನಮ್ಮ ಹದಿಮೂರರಲ್ಲಿ ಆರು ಜೋಡಿಗಳು, ಒಬ್ಬಳು ಒಂಟಿ. ಯಾವ ಜೋಡಿಯನ್ನೂ ಕದಲಿಸದೆ ಎರಡು ತರಗತಿಗಳನ್ನು ಒಟ್ಟುಗೂಡಿಸಿದೆ. ಎರಡು ಒಂಟಿ ಕೋಲುಗಳು ಎದುರಾದವು, ಹನ್ನೊಂದು ಜೋಡಿಗಳಾದವು. ಒಟ್ಟು 22 ಎಂಬುದನ್ನು ಎಣಿಸುವ ಮೊದಲೇ ಎಲ್ಲರಿಗೂ ಜೋಡಿ ಸಿಗುತ್ತದೆ ಎಂದು ಮಕ್ಕಳಿಗೆ ತಿಳಿದಿತ್ತು. ಎರಡು ಬೆಸಗಳನ್ನು ಕೂಡಿಸಿದರೆ ಸಮ ಬರುತ್ತದೆ ಎಂಬ ನಿಯಮವನ್ನು ನಾನು ಹೇಳಲಿಲ್ಲ, ಅದಕ್ಕೆ ಇನ್ನೂ ಕಾಲವಿದೆ.

ಹನ್ನೊಂದು ಜೋಡಿ ಎಂದಾಗ ಒಂದು ಗೊಂದಲ ಏಳುವುದುಂಟು. ಜೋಡಿಗಳನ್ನೇ ಎಣಿಸಿದ ಮಗು ಹನ್ನೊಂದು ಬೆಸವಲ್ಲವೇ ಎನ್ನುತ್ತದೆ. 1990ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡೆಬೊರಾ ಬಾಲ್ ಅವರು ಗಣಿತ ಕಲಿಸುತ್ತಿದ್ದ ಮೂರನೇ ತರಗತಿಯ ಹುಡುಗನೊಬ್ಬ, ಆರರಲ್ಲಿ ಮೂರು ಎರಡುಗಳಿರುವುದರಿಂದ ಆರು ಸಮವೂ ಹೌದು, ಬೆಸವೂ ಹೌದು ಎಂದು ವಾದಿಸಿದ್ದು ಶಿಕ್ಷಕ ವಲಯದಲ್ಲಿ ಪ್ರಸಿದ್ಧ. ಅವನು ಕಂಡದ್ದು ನಿಜವಾದ ಸಂಗತಿಯೇ. ನಮ್ಮ ಮಗು ಹಾಗೆಂದರೆ ಗದರದೆ, ನಾವು ನೋಡುತ್ತಿರುವುದು ಜೋಡಿಗಳೆಷ್ಟು ಎಂಬುದನ್ನಲ್ಲ, ಜೋಡಿ ಸಿಗದವರು ಇದ್ದಾರೆಯೇ ಎಂಬುದನ್ನು ಎಂದು ಕೋಲುಗಳ ಕಡೆ ಕೈ ತೋರಿಸಿದರೆ ಸಾಕಾಗುತ್ತದೆ.

ಬಿಡಿ ಸ್ಥಾನದಲ್ಲಿ 0, 2, 4, 6, 8 ಇದ್ದರೆ ಸಮ ಎಂಬ ಸೂತ್ರವನ್ನು ಒಂದನೇ ತರಗತಿಯಲ್ಲಿ ಕೊಡಬೇಡಿರೆಂದು ನನ್ನ ಕೋರಿಕೆ. ಕೊಟ್ಟರೆ ಮಗು ಕೊನೆಯ ಅಂಕಿಯನ್ನು ನೋಡುತ್ತದೆ, ಜೋಡಿಗಳನ್ನು ಮರೆಯುತ್ತದೆ. ಮುಂದಿನ ವರ್ಷ ಹತ್ತರ ಕಟ್ಟುಗಳು ಕೈಗೆ ಬಂದಾಗ ಒಂದು ಕಟ್ಟನ್ನು ಬಿಚ್ಚಿ ಜೋಡಿಸಲು ಹೇಳಿ. ಐದು ಜೋಡಿಯಾಗಿ ಏನೂ ಉಳಿಯುವುದಿಲ್ಲ. ಎರಡನೆಯ ಕಟ್ಟನ್ನೂ ಬಿಚ್ಚುತ್ತಾರೆ. ಮೂರನೆಯದನ್ನು ಬಿಚ್ಚಲು ಹೊರಟವರ ಕೈಯನ್ನು ಪಕ್ಕದ ಮಗುವೇ ತಡೆದು, ಕಟ್ಟಿನ ಹೊರಗಿರುವ ಬಿಡಿ ಕಡ್ಡಿಗಳನ್ನಷ್ಟೇ ನೋಡು ಎನ್ನುತ್ತದೆ.