ಪ್ರೀಮಿಯಂ ಖಾತೆಯ ಒಂದು ಕೋಟಿ ಯಾರದ್ದು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಮನೆಮಂದಿಯೇ ಸೇರಿ ನಡೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಬೇಕಾದಷ್ಟು ಉಂಟು. ಅಲ್ಲಿನ ಡೈರೆಕ್ಟರುಗಳು ನನ್ನನ್ನು ಪದೇ ಪದೇ ಕೇಳುವ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಇವತ್ತು ಮಾತಾಡುತ್ತೇನೆ: ಷೇರಿನ ಮುಖಬೆಲೆಗಿಂತ ಹೆಚ್ಚಾಗಿ ಬಂದ ಪ್ರೀಮಿಯಂ ಹಣವನ್ನು ಯಾವುದಕ್ಕೆ ಬಳಸಬಹುದು?

ಬೈಕಂಪಾಡಿಯಲ್ಲಿ ಒಂದು ಗೇರುಬೀಜ ಕಾರ್ಖಾನೆ ಇದೆ ಅಂತ ಇಟ್ಟುಕೊಳ್ಳಿ. 10 ರೂಪಾಯಿ ಮುಖಬೆಲೆಯ 8 ಲಕ್ಷ ಷೇರು ಮನೆಯವರ ಕೈಯಲ್ಲಿದೆ, ಅಂದರೆ ಬಂಡವಾಳ 80 ಲಕ್ಷ. ಆಮೇಲೆ ದುಬೈಯಲ್ಲಿರುವ ಭಾವ ಬಂದು 2 ಲಕ್ಷ ಹೊಸ ಷೇರನ್ನು 60 ರೂಪಾಯಿಯಂತೆ ತಗೊಂಡರು. ಬಂದದ್ದು 1 ಕೋಟಿ 20 ಲಕ್ಷ. ಅದರಲ್ಲಿ 20 ಲಕ್ಷ ಷೇರು ಬಂಡವಾಳಕ್ಕೆ ಹೋಯಿತು, ಉಳಿದ 1 ಕೋಟಿ ಪ್ರೀಮಿಯಂ ಖಾತೆಗೆ. ಹಿಂದೆ ಷೇರು ಪ್ರೀಮಿಯಂ ಅಂತ ಕರೆಯುತ್ತಿದ್ದ ಈ ಖಾತೆಗೆ ಈಗಿನ ಕಾಯ್ದೆಯಲ್ಲಿ ಸೆಕ್ಯುರಿಟೀಸ್ ಪ್ರೀಮಿಯಂ ಅಂತ ಹೆಸರು. 2013ರ ಕಂಪನಿ ಕಾಯ್ದೆಯ 52ನೇ ಸೆಕ್ಷನ್ ನೋಡಿ.

ಮೊದಲ ಗೊಂದಲ ಇಲ್ಲೇ ಶುರುವಾಗುತ್ತದೆ. ಆ 1 ಕೋಟಿಯಿಂದ ಹೊಸ ಬಾಯ್ಲರ್ ತಗೊಳ್ಳಬಹುದಾ, ಬ್ಯಾಂಕ್ ಸಾಲ ಕಟ್ಟಬಹುದಾ ಅಂತ ಹೆದರಿ ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು. ಷೇರು ಹಂಚಿಕೆಯ ರಿಟರ್ನ್ ಸಲ್ಲಿಸಿ ಆದ ಮೇಲೆ ಆ ಹಣ ವ್ಯಾಪಾರಕ್ಕೆ ಬಳಸಲಿಕ್ಕೇ ಇರುವುದು. ಹಣ ಬ್ಯಾಂಕಿನಿಂದ ಹೊರಗೆ ಹೋದರೆ ಬಾಯ್ಲರ್ ಒಳಗೆ ಬಂತು, ಪ್ರೀಮಿಯಂ ಖಾತೆಯ 1 ಕೋಟಿ ಹಾಗೇ ನಿಂತಿರುತ್ತದೆ. ಕಾನೂನು ತಡೆಯುವುದು ಹಣ ಖರ್ಚು ಮಾಡುವುದನ್ನಲ್ಲ ಮಾರಾಯ್ರೇ, ಆ ಖಾತೆಯ ಅಂಕಿಯನ್ನು ಸುಮ್ನೆ ಇಳಿಸುವುದನ್ನು. ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ವಿಷಯ ಮುಗಿಯಿತು.

ಈಗ ಎರಡು ವರ್ಷ ವ್ಯಾಪಾರ ಕೈಕೊಟ್ಟು 30 ಲಕ್ಷ ನಷ್ಟ ಸೇರಿತು. ಮೂರನೇ ವರ್ಷ 12 ಲಕ್ಷ ಲಾಭ. ಮನೆಯ ಹಿರಿಯರು ಹೇಳುತ್ತಾರೆ, "ಪ್ರೀಮಿಯಂ 1 ಕೋಟಿ ಉಂಟಲ್ಲ, ಅದರಲ್ಲಿ 30 ಲಕ್ಷ ನಷ್ಟಕ್ಕೆ ಹೊಂದಿಸಿ, ಈ ವರ್ಷದ ಲಾಭದಲ್ಲಿ ಡಿವಿಡೆಂಡ್ ಕೊಡುವ." ಕೇಳಲಿಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಬೋರ್ಡ್ ಮೀಟಿಂಗಿನಲ್ಲಿ ಕೂತು ಹಾಗೆ ಮಾಡುವ ಹಾಗಿಲ್ಲ. ಪ್ರೀಮಿಯಂ ಎಂಬುದು ಲಾಭ ಅಲ್ಲ, ಷೇರುದಾರರು ಹಾಕಿದ ದುಡ್ಡು. ಸಾಲ ಕೊಟ್ಟ ಬ್ಯಾಂಕು, ಗೇರುಬೀಜ ಕಡ ಕೊಟ್ಟವರು ಇದನ್ನು ನಂಬಿಕೊಂಡಿರುತ್ತಾರೆ. ಹಾಗಾಗಿ ಈ ಖಾತೆಯನ್ನು ಇಳಿಸಬೇಕಾದರೆ ಬಂಡವಾಳವನ್ನೇ ಇಳಿಸಿದ ಹಾಗೆ ಅಂತ ಕಾಯ್ದೆ ಲೆಕ್ಕ ಹಾಕುತ್ತದೆ. ಡಿವಿಡೆಂಡ್ ಅಂತೂ ಇದರಿಂದ ನೇರವಾಗಿಯೂ ಕೊಡುವಂತಿಲ್ಲ. 12 ಲಕ್ಷ ಲಾಭ ಮೊದಲು ಹಳೆಯ ನಷ್ಟಕ್ಕೆ ಹೋಗಬೇಕು, ಇನ್ನೂ 18 ಲಕ್ಷ ಬಾಕಿ.

ನಷ್ಟ ಅಳಿಸುವುದಕ್ಕೆ ದಾರಿ ಇದೆ, 66ನೇ ಸೆಕ್ಷನ್. ಷೇರುದಾರರ ವಿಶೇಷ ನಿರ್ಣಯ ಬೇಕು, ಕಂಪನಿ ವಿಷಯಗಳ ನ್ಯಾಯಮಂಡಳಿಯಾದ ಬೆಂಗಳೂರಿನ ಎನ್‌ಸಿಎಲ್‌ಟಿ ಪೀಠಕ್ಕೆ ಅರ್ಜಿ ಹಾಕಬೇಕು, ಸಾಲ ಕೊಟ್ಟವರಿಗೆ ನೋಟಿಸ್ ಹೋಗಿ ಆಕ್ಷೇಪ ಹೇಳಲು ಅವರಿಗೆ ಮೂರು ತಿಂಗಳು ಸಿಗಬೇಕು. ಕೆಲಸ ಆಗುತ್ತದೆ, ಆದರೆ ಸಮಯ ಮತ್ತು ವಕೀಲರ ಖರ್ಚು ನೋಡಿದರೆ 18 ಲಕ್ಷಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ. ಕಾಯಿರಿ, ಲಾಭದಿಂದಲೇ ತುಂಬಿಸಿ.

ನ್ಯಾಯಮಂಡಳಿಗೆ ಹೋಗದೆ ಮಾಡಬಹುದಾದ ಕೆಲಸಗಳೂ ಇವೆ. ಭಾವನಿಗೆ ಷೇರು ಕೊಡುವಾಗ ಸ್ಟಾಂಪ್ ಡ್ಯೂಟಿ, ಮೌಲ್ಯಮಾಪಕರ ಫೀಸು ಅಂತ 2 ಲಕ್ಷ ಖರ್ಚಾಗಿದ್ದರೆ ಅದನ್ನು ಪ್ರೀಮಿಯಂನಿಂದ ಕಳೆಯಬಹುದು. ಆದರೆ ಅದೇ ವರ್ಷದ ಆಡಿಟ್ ಫೀಸನ್ನು ಅದರ ಜೊತೆ ತುರುಕಬೇಡಿ, ಅದು ಷೇರು ಬಿಡುಗಡೆಯ ಖರ್ಚು ಅಲ್ಲ. ಉಳಿದ 98 ಲಕ್ಷದಲ್ಲಿ ಎರಡು ಷೇರಿಗೆ ಒಂದು ಬೋನಸ್ ಕೊಟ್ಟರೆ, ಇರುವ 10 ಲಕ್ಷ ಷೇರಿಗೆ 5 ಲಕ್ಷ ಹೊಸ ಷೇರು, ಅಂದರೆ 50 ಲಕ್ಷ ಪ್ರೀಮಿಯಂನಿಂದ ಬಂಡವಾಳಕ್ಕೆ ದಾಟುತ್ತದೆ. ಒಂದು ಪೈಸೆಯೂ ಹೊರಗೆ ಹೋಗಲಿಲ್ಲ, ಸಾಲ ಕೊಟ್ಟವರಿಗೆ ತೊಂದರೆಯೂ ಇಲ್ಲ, ಅದಕ್ಕೇ ಕಾನೂನು ಒಪ್ಪುತ್ತದೆ. ಕಂಪನಿಯ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿ ಅವಕಾಶ ಇರಬೇಕು, ಅಧಿಕೃತ ಬಂಡವಾಳ 1.5 ಕೋಟಿಯಾದರೂ ಇರಬೇಕು, ಡಿವಿಡೆಂಡ್ ಬದಲಿಗೆ ಬೋನಸ್ ಕೊಡುವಂತಿಲ್ಲ. ಇದಲ್ಲದೆ ಸ್ವಂತ ಷೇರು ಬೈಬ್ಯಾಕ್ ಮಾಡಲಿಕ್ಕೂ ಬಳಸಬಹುದು, ಆದರೆ ಆಗ ಕೊಂಡ ಷೇರುಗಳ ಮುಖಬೆಲೆಯಷ್ಟನ್ನು ಇನ್ನೊಂದು ಮೀಸಲು ಖಾತೆಗೆ ವರ್ಗಾಯಿಸಬೇಕು.

ಕಂಪನಿ ಶುರು ಮಾಡುವಾಗಿನ ಖರ್ಚು, ಡಿಬೆಂಚರ್ ತೀರಿಸುವಾಗ ಕೊಡುವ ಪ್ರೀಮಿಯಂ ಇವಕ್ಕೂ ನಮ್ಮಂಥ ಸಣ್ಣ ಕಂಪನಿಗೆ ಅವಕಾಶ ಇದೆ. ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಲೆಕ್ಕ ಬರೆಯುವ ದೊಡ್ಡ ಕಂಪನಿಗಳಿಗೆ ಈ ಎರಡೂ ಇಲ್ಲ.

ನಿಮ್ಮ ಕಂಪನಿಯಲ್ಲಿ ಸರಿಯಾಗಿದೆಯಾ ಅಂತ ನೋಡುವುದು ಸುಲಭ. ಬ್ಯಾಲೆನ್ಸ್ ಶೀಟಿನ ಮೀಸಲು ನಿಧಿಯ ನೋಟ್ ತೆಗೆದು, ಸೆಕ್ಯುರಿಟೀಸ್ ಪ್ರೀಮಿಯಂನ ಆರಂಭದ ಅಂಕಿಯ ಪಕ್ಕ ಕೊನೆಯ ಅಂಕಿ ಇಡಿ. ಕಡಿಮೆಯಾಗಿದ್ದರೆ ಎಲ್ಲಿಗೆ ಹೋಯಿತು ಅಂತ ಅಕೌಂಟೆಂಟ್ ಹತ್ತಿರ ಕೇಳಿ. "ನಷ್ಟಕ್ಕೆ ಹೊಂದಿಸಿದ್ದು" ಅಂತ ಹೇಳಿದರೆ, ನ್ಯಾಯಮಂಡಳಿಯ ಆದೇಶದ ಪ್ರತಿ ಎಲ್ಲಿ ಅಂತ ಕೇಳಿ.