ಯಂತ್ರದ ದುಡ್ಡು ಯಾವ ವರ್ಷದ ಖರ್ಚು?

ಕೇಳುಗರಿಗೆಲ್ಲ ನಮಸ್ಕಾರ.

ಸವಕಳಿ ಅನ್ನುವ ಪದ ಕೇಳಿದ ಕೂಡಲೇ ಕಣ್ಣ ಮುಂದೆ ಏನು ಬರುತ್ತದೆ? ಹಿಮ್ಮಡಿ ತೇದುಹೋದ ಚಪ್ಪಲಿ, ಅಂಚು ನುಣ್ಣಗಾದ ಮೆಟ್ಟಿಲು, ಅಲ್ವಾ? ಯಂತ್ರವೂ ಹಾಗೇ ಸವೆಯುತ್ತದೆ, ಎಷ್ಟು ಸವೆಯಿತು ಅಂತ ನೋಡಿ ಲೆಕ್ಕಪುಸ್ತಕದಲ್ಲಿ ಬರೆಯುತ್ತಾರೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಆದರೆ ಲೆಕ್ಕ ಬರೆಯುವವರು ಯಂತ್ರದ ಹತ್ತಿರ ಹೋಗಿ ಏನನ್ನೂ ಅಳೆಯುವುದಿಲ್ಲ. ಅವರ ತಲೆಯಲ್ಲಿರುವ ಪ್ರಶ್ನೆಯೇ ಬೇರೆ. ಒಂದೇ ಸಲ ಕೊಟ್ಟ ದುಡ್ಡನ್ನು ಯಾವ ಯಾವ ವರ್ಷದ ಖರ್ಚು ಅಂತ ಬರೆಯಬೇಕು?

ಒಂದು ಉದಾಹರಣೆ ಹಿಡಿಯೋಣ. ರಟ್ಟಿನ ಡಬ್ಬ ಮಾಡುವ ಒಬ್ಬರು ಒಂದು ಯಂತ್ರ ಕೊಂಡರು. ಹಣ ಯಾವ ದೇಶದ್ದಾದರೂ ಇರಲಿ, ಬರೀ ಅಂಕಿ ನೋಡೋಣ. ಯಂತ್ರದ ಬೆಲೆ 9 ಲಕ್ಷ 40 ಸಾವಿರ. ಅದನ್ನು ತಂದು, ಇಳಿಸಿ, ಜೋಡಿಸಿ, ಓಡಿಸಿ ನೋಡುವುದಕ್ಕೆ ಇನ್ನೊಂದು 60 ಸಾವಿರ. ಈ 60 ಸಾವಿರವೂ ಯಂತ್ರದ ಬೆಲೆಗೇ ಸೇರುತ್ತದೆ. ಜೋಡಿಸದೆ ಮೂಲೆಯಲ್ಲಿಟ್ಟ ಯಂತ್ರದಿಂದ ಒಂದು ಡಬ್ಬವೂ ಬರುವುದಿಲ್ಲವಲ್ಲ! ಹಾಗಾಗಿ ಒಟ್ಟು 10 ಲಕ್ಷ. ಯಂತ್ರ 6 ವರ್ಷ ಕೆಲಸ ಮಾಡುತ್ತದೆ, ಆಮೇಲೆ ಮಾರಿದರೆ 1 ಲಕ್ಷ ಸಿಗುತ್ತದೆ ಅನ್ನುವುದು ಮಾಲೀಕರ ಅಂದಾಜು. ಕೂಲಿ, ರಟ್ಟು, ಕರೆಂಟು ಎಲ್ಲ ಕಳೆದ ಮೇಲೆ ಯಂತ್ರದಿಂದ ವರ್ಷಕ್ಕೆ ಎರಡೂವರೆ ಲಕ್ಷ ಉಳಿಯುತ್ತದೆ ಅಂತಿಟ್ಟುಕೊಳ್ಳಿ.

ಈಗ 10 ಲಕ್ಷವನ್ನೂ ಮೊದಲ ವರ್ಷದ ಖರ್ಚು ಅಂತ ಬರೆದುಬಿಟ್ಟರೆ ಏನಾಗುತ್ತದೆ? ಮೊದಲ ವರ್ಷ ಏಳೂವರೆ ಲಕ್ಷ ನಷ್ಟ. ಮುಂದಿನ ಐದು ವರ್ಷವೂ ಎರಡೂವರೆ ಲಕ್ಷ ಲಾಭ. ಡಬ್ಬ ಅಷ್ಟೇ, ಗಿರಾಕಿಗಳು ಅವರೇ, ದುಡಿಮೆಯೂ ಅದೇ. ಪುಸ್ತಕ ನೋಡಿದರೆ ಮಾತ್ರ ಮೊದಲ ವರ್ಷ ಮುಳುಗಿದ ವ್ಯಾಪಾರ ಎರಡನೇ ವರ್ಷ ಇದ್ದಕ್ಕಿದ್ದ ಹಾಗೆ ಎದ್ದು ನಿಂತಂತೆ ಕಾಣುತ್ತದೆ. ಎರಡನೇ ವರ್ಷದ ಡಬ್ಬಗಳನ್ನು ಮಾಡಿದ್ದೂ ಅದೇ ಯಂತ್ರ. ಆದರೆ ಆ ವರ್ಷದ ಲೆಕ್ಕದಲ್ಲಿ ಯಂತ್ರ ಪುಕ್ಕಟೆ ಬಂದ ಹಾಗಿದೆ.

ಅದಕ್ಕೇ ಹಂಚುತ್ತಾರೆ. 10 ಲಕ್ಷದಲ್ಲಿ ಕೊನೆಗೆ ವಾಪಸ್ ಬರುವ 1 ಲಕ್ಷ ಕಳೆಯಿರಿ. ಉಳಿದ 9 ಲಕ್ಷವನ್ನು 6 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದೂವರೆ ಲಕ್ಷ. ಇದೇ ಸವಕಳಿ. ಎರಡೂವರೆಯಲ್ಲಿ ಒಂದೂವರೆ ಹೋದರೆ ವರ್ಷಕ್ಕೆ 1 ಲಕ್ಷ ಲಾಭ. ಸ್ವಲ್ಪ ಕೂಡಿಸಿ ನೋಡಿ. ಆರು ವರ್ಷಕ್ಕೆ ಒಟ್ಟು ಲಾಭ 6 ಲಕ್ಷ. ಮೊದಲ ರೀತಿಯಲ್ಲಿ ಬರೆದರೂ, ಕೊನೆಗೆ ಮಾರಿ ಬಂದ 1 ಲಕ್ಷ ಸೇರಿಸಿದರೆ, ಅಷ್ಟೇ 6 ಲಕ್ಷ. ಸವಕಳಿಯಿಂದ ಒಟ್ಟು ಲಾಭ ಒಂದು ಕಾಸೂ ಹೆಚ್ಚು ಕಡಿಮೆಯಾಗುವುದಿಲ್ಲ. ಯಾವ ವರ್ಷಕ್ಕೆ ಎಷ್ಟು ಅನ್ನುವುದು ಮಾತ್ರ ಬದಲಾಗುತ್ತದೆ.

ಪುಸ್ತಕದಲ್ಲಿ ಬರೆಯುವ ರೀತಿಯೂ ಚೆನ್ನಾಗಿದೆ. ಯಂತ್ರದ ಖಾತೆಯಲ್ಲಿರುವ 10 ಲಕ್ಷವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪ್ರತಿ ವರ್ಷದ ಒಂದೂವರೆ ಲಕ್ಷ ಒಂದು ಕಡೆ ಖರ್ಚಾಗಿ ಹೋಗುತ್ತದೆ. ಇನ್ನೊಂದು ಕಡೆ ಅದೇ ಮೊತ್ತ ಈವರೆಗಿನ ಸವಕಳಿ ಅನ್ನುವ ಬೇರೆ ಖಾತೆಯಲ್ಲಿ ಸೇರುತ್ತಾ ಬರುತ್ತದೆ. ನಾಲ್ಕನೇ ವರ್ಷದ ಕೊನೆಗೆ ಯಂತ್ರ 10 ಲಕ್ಷ, ಸವಕಳಿ 6 ಲಕ್ಷ, ಉಳಿದದ್ದು 4 ಲಕ್ಷ. ಬರೀ 4 ಲಕ್ಷ ಅಂತ ಬರೆದಿದ್ದರೆ ಅದು ಹಳೇ ದೊಡ್ಡ ಯಂತ್ರವೋ ಹೊಸ ಚಿಕ್ಕ ಯಂತ್ರವೋ ಓದುವವರಿಗೆ ಹೇಗೆ ಗೊತ್ತಾಗಬೇಕು?

ಈ 4 ಲಕ್ಷವನ್ನು ಪುಸ್ತಕದ ಬೆಲೆ ಅನ್ನುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಯಂತ್ರಕ್ಕೆ ಅಷ್ಟೇ ಸಿಗುತ್ತದೆ ಅಂತ ಅರ್ಥವಲ್ಲ. ಇನ್ನೂ ಖರ್ಚಿಗೆ ಹಾಕದೆ ಉಳಿದಿರುವ ಮೊತ್ತ ಅದು, ಅಷ್ಟೇ. ನಮ್ಮ ಮಾಲೀಕರು ಆಗ ಯಂತ್ರ ಮಾರಿದರು, ಕೈಗೆ ಬಂದದ್ದು 3 ಲಕ್ಷ ಅಂತಿಟ್ಟುಕೊಳ್ಳಿ. ಪುಸ್ತಕದಲ್ಲಿ 1 ಲಕ್ಷ ನಷ್ಟ ಅಂತ ಬರುತ್ತದೆ. ನೋಡಿದವರು ವ್ಯಾಪಾರ ಮಾಡಲು ಬರಲಿಲ್ಲ, ಅಗ್ಗಕ್ಕೆ ಕೊಟ್ಟರು ಅನ್ನಬಹುದು. ಅದು ಅನ್ಯಾಯ. ಸರಿಯಾದ ಬೆಲೆಗೇ ಮಾರಿದ್ದರೆ ಆ ಲಕ್ಷ ಮಾರಿದ ದಿನ ಹೋದದ್ದೇ ಅಲ್ಲ. ನಾಲ್ಕು ವರ್ಷವೂ ಸವಕಳಿಯನ್ನು 25 ಸಾವಿರ ಕಡಿಮೆ ಬರೆದಿದ್ದರು. ಆ ನಾಲ್ಕು ವರ್ಷದ ಲಾಭ ಅಷ್ಟರ ಮಟ್ಟಿಗೆ ಹಿಗ್ಗಿತ್ತು. ಈಗ ಒಟ್ಟಿಗೇ ಹೊರಬಿತ್ತು.

ತಪ್ಪು ಅಂದಾಜು ನಡುವೆಯೇ ಗೊತ್ತಾದರೆ ಮಾರುವ ತನಕ ಕಾಯಬೇಕಿಲ್ಲ. ವರ್ಷಕ್ಕೊಮ್ಮೆಯಾದರೂ ಆಯುಷ್ಯದ ಅಂದಾಜನ್ನು ಮತ್ತೆ ನೋಡಬೇಕು ಅಂತ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವೇ ಹೇಳುತ್ತದೆ. ಹಳೇ ವರ್ಷಗಳ ಪುಸ್ತಕವನ್ನು ಮತ್ತೆ ಬಿಚ್ಚುವುದಿಲ್ಲ. ಉಳಿದ ಮೊತ್ತವನ್ನು ಉಳಿದ ವರ್ಷಗಳಿಗೆ ಹೊಸದಾಗಿ ಹಂಚುತ್ತಾರೆ.

ವರ್ಷ ವರ್ಷವೂ ಸಮನಾಗಿಯೇ ಹಂಚಬೇಕು ಅಂತೇನೂ ಇಲ್ಲ. ಕೆಲವು ಯಂತ್ರಗಳು ಹೊಸದರಲ್ಲಿ ಜಾಸ್ತಿ ಕೆಲಸ ಕೊಡುತ್ತವೆ. ಅಂಥವಕ್ಕೆ ಉಳಿದ ಬೆಲೆಯ ಮೇಲೆ ಶೇಕಡಾ ಇಷ್ಟು ಅಂತ ಹಾಕುತ್ತಾರೆ. ಆಗ ಮೊದಲ ವರ್ಷ ಹೆಚ್ಚು, ಬರಬರುತ್ತಾ ಕಡಿಮೆ. ಎಷ್ಟು ಡಬ್ಬ ಮಾಡಿತು ಅಂತ ಎಣಿಸಿ ಹಂಚುವುದೂ ಉಂಟು. ವರ್ಷದ ಮೇಲೆ ಹಂಚುವವರು ಯಂತ್ರ ಮೂರು ತಿಂಗಳು ಸುಮ್ನೆ ನಿಂತಿದ್ದರೂ ಸವಕಳಿ ನಿಲ್ಲಿಸುವ ಹಾಗಿಲ್ಲ. ನಿಂತ ಯಂತ್ರಕ್ಕೂ ವಯಸ್ಸಾಗುತ್ತದೆ, ಅದಕ್ಕಿಂತ ಒಳ್ಳೆಯದು ಮಾರುಕಟ್ಟೆಗೆ ಬರುತ್ತಲೇ ಇರುತ್ತದೆ.

ಇನ್ನು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ: "ಆರು ವರ್ಷ ಸವಕಳಿ ಬರೆದಿದ್ದೀವಿ, ಆ 9 ಲಕ್ಷ ಎಲ್ಲಿದೆ?" ಎಲ್ಲೂ ಇಲ್ಲ! ದುಡ್ಡು ಕೈಬಿಟ್ಟದ್ದು ಯಂತ್ರ ಕೊಂಡಾಗಲೇ. ಸವಕಳಿ ಬರೆದಾಗ ಒಂದು ಕಾಸೂ ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಆದರೆ ಅದರಿಂದ ಒಂದು ಉಪಕಾರವಿದೆ. ಲಾಭ 1 ಲಕ್ಷ ಅಂತ ಗೊತ್ತಿರುವ ಮಾಲೀಕರು ಮನೆಗೆ 1 ಲಕ್ಷ ಒಯ್ಯುತ್ತಾರೆ. ಒಂದೂವರೆ ಲಕ್ಷ ವ್ಯಾಪಾರದಲ್ಲೇ ಉಳಿಯುತ್ತದೆ. ಸವಕಳಿ ಬರೆಯದವರು ಎರಡೂವರೆಯನ್ನೂ ಲಾಭ ಅಂತ ತಿಳಿದು ಒಯ್ಯುತ್ತಾರೆ. ಯಂತ್ರ ನಿಂತ ದಿನ ಅವರ ಹತ್ತಿರ ಇರುವುದು ಗುಜರಿಗೆ ಹಾಕಿ ಬಂದ 1 ಲಕ್ಷ ಮಾತ್ರ.

ಉಳಿದ ದುಡ್ಡೂ ಪೆಟ್ಟಿಗೆಯಲ್ಲೇ ಕೂತಿರುತ್ತದೆ ಅಂತ ಹೇಳಲಾಗದು. ರಟ್ಟಿನ ದಾಸ್ತಾನಿಗೆ, ಸಾಲ ತೀರಿಸಲು ಹೋಗಿರಬಹುದು. ಇದ್ದರೂ 10 ಲಕ್ಷ ಸಾಲದೇ ಹೋಗಬಹುದು. ಸವಕಳಿಯ ಲೆಕ್ಕ ನಿಂತಿರುವುದು ಹಳೇ ಯಂತ್ರಕ್ಕೆ ಕೊಟ್ಟ ಬೆಲೆಯ ಮೇಲೆ. ಹೊಸ ಯಂತ್ರಕ್ಕೆ 14 ಲಕ್ಷ ಕೇಳಿದರೆ, ಬಾಕಿ 4 ಲಕ್ಷದ ವಿಷಯ ಈ ಲೆಕ್ಕಕ್ಕೆ ಗೊತ್ತೇ ಇಲ್ಲ. ಅದನ್ನು ಮಾಲೀಕರೇ ಬೇರೆಯಾಗಿ ಎತ್ತಿಡಬೇಕು.

ನಿಮ್ಮ ಕೈಗೆ ಯಾವುದಾದರೂ ಉದ್ಯಮದ ಆಸ್ತಿ ಪಟ್ಟಿ ಸಿಕ್ಕರೆ ಒಂದು ಕೆಲಸ ಮಾಡಿ. ಪೂರ್ತಿ ಸವಕಳಿ ಮುಗಿದು, ದಿನಾ ಓಡುತ್ತಲೇ ಇರುವ ಯಂತ್ರಗಳು ಎಷ್ಟಿವೆ ನೋಡಿ. ಅವು ತುಂಬಾ ಇದ್ದರೆ ಆಯುಷ್ಯವನ್ನು ಕಡಿಮೆ ಹಿಡಿದಿದ್ದಾರೆ. ಹಿಂದಿನ ವರ್ಷಗಳ ಲಾಭ ಇದ್ದದ್ದಕ್ಕಿಂತ ಕಡಿಮೆ ಕಂಡಿದೆ, ಈಗಿನದು ಜಾಸ್ತಿ ಕಾಣುತ್ತಿದೆ. ಅದೇ, ಯಂತ್ರ ಮಾರಿದಾಗಲೆಲ್ಲ ನಷ್ಟ ಅಂತಲೇ ಬರೆದಿದ್ದರೆ ಆಯುಷ್ಯವನ್ನೋ ಗುಜರಿ ಬೆಲೆಯನ್ನೋ ಜಾಸ್ತಿ ಹಿಡಿದಿರುತ್ತಾರೆ.

ನಮಸ್ಕಾರ.